ಸಂಬಳ ಹೆಚ್ಚಿಸಿ ಎಂದು ಕೇಳುವ ಮೊದಲು

ಖಾಸಗಿ ಕಂಪನಿಗಳಲ್ಲಿ ಇಂಕ್ರಿಮೆಂಟ್ ಪತ್ರ ಕೈಗೆ ಬರುವುದು ಸಾಮಾನ್ಯವಾಗಿ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ. ಪತ್ರ ನೋಡಿ ಬೇಸರಗೊಂಡವರು ಮ್ಯಾನೇಜರ್ ಬಾಗಿಲು ತಟ್ಟುವುದೂ ಆಗಲೇ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಶುರುವಾಗುವುದರಿಂದ ಮುಂದಿನ ವರ್ಷದ ಸಂಬಳದ ಬಾಬ್ತಿಗೆ ಎಷ್ಟು ದುಡ್ಡು ಎನ್ನುವುದನ್ನು ಹೆಚ್ಚಿನ ಕಂಪನಿಗಳು ಜನವರಿ, ಫೆಬ್ರುವರಿಯಲ್ಲೇ ಲೆಕ್ಕ ಹಾಕಿಟ್ಟಿರುತ್ತವೆ. ಮಾರ್ಚ್‌ನಲ್ಲಿ ಅದು ಹೆಸರುಗಳ ಮುಂದೆ ಹಂಚಿಕೆಯಾಗುತ್ತದೆ. ಪತ್ರ ಅಚ್ಚಾದ ಮೇಲೆ ಒಬ್ಬರ ಅಂಕಿ ಬದಲಾಗಬೇಕಾದರೆ ಮ್ಯಾನೇಜರ್ ತನ್ನ ಮೇಲಿನವರ ಬಳಿ ಹೋಗಿ ಮುಚ್ಚಿದ ಕಡತವನ್ನು ಮತ್ತೆ ತೆರೆಸಬೇಕು. ಆ ಉಸಾಬರಿ ಯಾರಿಗೂ ಬೇಡ.

ಇದರ ಹಿಂದೆ ಇನ್ನೊಂದು ಸಂಗತಿ ಇದೆ. ನಾವು ಯಾರ ಬಳಿ ಸಂಬಳ ಕೇಳುತ್ತೇವೋ, ಅದನ್ನು ಕೊಡುವ ಅಧಿಕಾರ ಬಹಳಷ್ಟು ಸಲ ಅವರಿಗೆ ಇರುವುದಿಲ್ಲ. ಅವರು ನಮ್ಮ ಪರವಾಗಿ ಎಂ.ಡಿ. ಬಳಿ, ಎಚ್‌.ಆರ್. ಬಳಿ ಮಾತಾಡಬೇಕು. ಆ ಮಾತುಕತೆಯಲ್ಲಿ ನಾವು ಇರುವುದಿಲ್ಲ. ಹಾಗಾಗಿ ಅಲ್ಲಿ ನಮ್ಮ ಪರ ಆಡಬೇಕಾದ ಮಾತನ್ನು ಮೊದಲೇ ಸಿದ್ಧಮಾಡಿ ಮ್ಯಾನೇಜರ್ ಕೈಗೆ ಕೊಡುವುದೇ ಸಂಬಳ ಕೇಳುವವರ ಮುಖ್ಯ ಕೆಲಸ. ಪುರಾವೆ ಹೇಗಿರಬೇಕು, ಯಾವಾಗ ಕೇಳಬೇಕು, ಇಲ್ಲ ಎಂದರೆ ಏನು ಮಾಡಬೇಕು ಎನ್ನುವ ಮೂರೂ ಪ್ರಶ್ನೆಗಳಿಗೆ ಉತ್ತರ ಹೊರಡುವುದು ಇಲ್ಲಿಂದಲೇ.

ಇದು ಎಲ್ಲರಿಗೂ ಅನ್ವಯಿಸುವ ಮಾತಲ್ಲ. ಸರ್ಕಾರಿ ನೌಕರರ ಸಂಬಳ ವೇತನ ಆಯೋಗದ ಪ್ರಕಾರ ನಡೆಯುತ್ತದೆ. ಕಾರ್ಮಿಕ ಸಂಘವಿರುವ ಕಾರ್ಖಾನೆಗಳಲ್ಲಿ ವೇತನ ಒಪ್ಪಂದದ ಪ್ರಕಾರ ನಡೆಯುತ್ತದೆ. ಇಲ್ಲಿ ಹೇಳುತ್ತಿರುವುದು ಇವೆರಡರ ಹೊರಗಿರುವ, ತನ್ನ ಸಂಬಳದ ಮಾತನ್ನು ತಾನೇ ಆಡಬೇಕಾದ ಖಾಸಗಿ ಉದ್ಯೋಗಿಯ ವಿಷಯ. ಒಂದು ಉದಾಹರಣೆಯನ್ನು ಇಟ್ಟುಕೊಂಡೇ ನೋಡೋಣ.

ಪೀಣ್ಯದ ಒಂದು ಅಕೌಂಟ್ಸ್ ಟೇಬಲ್

ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಮಧ್ಯಮ ಗಾತ್ರದ ಕಾರ್ಖಾನೆ ಎಂದುಕೊಳ್ಳಿ. ತಿಂಗಳಿಗೆ ಸುಮಾರು 75 ಲಕ್ಷ ರೂಪಾಯಿ ವ್ಯಾಪಾರ. ಅಲ್ಲಿನ ಅಕೌಂಟ್ಸ್ ವಿಭಾಗದಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿರುವ ಬಿ.ಕಾಂ. ಓದಿದ ಹೆಣ್ಣುಮಗಳು. ಗ್ರಾಸ್ ಸಂಬಳ 38,000 ರೂಪಾಯಿ. ಸೇರಿದಾಗ ಆಕೆಯ ಕೆಲಸ ಟ್ಯಾಲಿಯಲ್ಲಿ ಬಿಲ್ ಎಂಟ್ರಿ ಮಾಡುವುದು. ಎರಡು ವರ್ಷದ ಹಿಂದೆ ಹಿರಿಯರೊಬ್ಬರು ಕೆಲಸ ಬಿಟ್ಟಾಗ ಗ್ರಾಹಕರಿಂದ ಬಾಕಿ ವಸೂಲಿ ಮಾಡುವ ಹೊಣೆಯೂ ಜಿಎಸ್‌ಟಿ ತಾಳೆ ನೋಡುವ ಹೊಣೆಯೂ ಆಕೆಯ ಟೇಬಲ್ಲಿಗೆ ಬಂತು. ಸಂಬಳ ಮಾತ್ರ ಎಲ್ಲರಂತೆ ವರ್ಷಕ್ಕೆ ಏಳೆಂಟು ಪರ್ಸೆಂಟ್ ಏರಿತು.

ಆಕೆ ಕೇಳಬೇಕೆಂದಿರುವುದು 48,000. ಏನು ಹೇಳಿ ಕೇಳುವುದು?

ಬಾಯಿಗೆ ಮೊದಲು ಬರುವ ಮಾತುಗಳೆಂದರೆ: ರಾತ್ರಿ ಎಂಟರವರೆಗೆ ಕೂರುತ್ತೇನೆ, ಒಂದು ದಿನವೂ ರಜೆ ಹಾಕಿಲ್ಲ, ಮನೆ ಬಾಡಿಗೆ ಏರಿದೆ, ಪಕ್ಕದ ಟೇಬಲ್ಲಿನವರಿಗೆ ನನಗಿಂತ ಹೆಚ್ಚು ಕೊಡುತ್ತೀರಿ. ಇವೆಲ್ಲ ನಿಜವೇ ಇರಬಹುದು. ಆದರೆ ಮ್ಯಾನೇಜರ್ ಇವನ್ನು ಹಿಡಿದುಕೊಂಡು ಎಂ.ಡಿ. ಬಳಿ ಹೋಗಲಾರರು. ತಡವಾಗಿ ಮನೆಗೆ ಹೋಗುವವರು ಅಲ್ಲಿ ಇನ್ನೂ ಹತ್ತು ಜನ ಇದ್ದಾರೆ. ಬಾಡಿಗೆ ಎಲ್ಲರ ಮನೆಯದೂ ಏರಿದೆ. ಪಕ್ಕದವರ ಸಂಬಳದ ಮಾತು ಎತ್ತಿದರಂತೂ ಅದು ನಿಮಗೆ ಹೇಗೆ ಗೊತ್ತಾಯಿತು ಎಂಬ ಕಡೆಗೆ ಚರ್ಚೆ ಜಾರುತ್ತದೆ.

ಎಂ.ಡಿ.ಗೆ ಕೇಳಿಸುವ ಮಾತು ಬೇರೆ. ಈ ಕೆಲಸ ಇವರ ಕೈಗೆ ಬರುವ ಮೊದಲು ಏನಿತ್ತು, ಈಗ ಏನಿದೆ, ಆ ವ್ಯತ್ಯಾಸದ ಬೆಲೆ ಎಷ್ಟು? ಪುರಾವೆ ಎಂದರೆ ಇದಕ್ಕೆ ಉತ್ತರ.

ನಲವತ್ತು ಲಕ್ಷವೋ, ಮೂರು ಲಕ್ಷವೋ

ಆಕೆ ವಸೂಲಿ ಕೆಲಸ ವಹಿಸಿಕೊಂಡಾಗ ಗ್ರಾಹಕರಿಂದ ಬರಬೇಕಿದ್ದ ಬಾಕಿ 1 ಕೋಟಿ 85 ಲಕ್ಷ. ತಿಂಗಳ ವ್ಯಾಪಾರ 75 ಲಕ್ಷ ಎಂದರೆ ಸರಾಸರಿ 74 ದಿನದ ವ್ಯಾಪಾರ ಸಾಲದಲ್ಲಿ ನಿಂತಿತ್ತು. ಗ್ರಾಹಕರು ಕೊಡಲೊಲ್ಲರು ಎಂದು ಎಲ್ಲರೂ ನಂಬಿದ್ದರು. ಆಕೆ ಹಳೆಯ ಬಿಲ್‌ಗಳನ್ನು ಒಂದೊಂದಾಗಿ ತೆಗೆದು ಫೋನ್ ಮಾಡಿದಾಗ ಬೇರೆಯೇ ಕಾರಣ ಕಂಡಿತು. ಬಹಳಷ್ಟು ಬಿಲ್‌ಗಳು ಗ್ರಾಹಕರ ಅಕೌಂಟ್ಸ್ ವಿಭಾಗಕ್ಕೆ ತಲುಪಿಯೇ ಇರಲಿಲ್ಲ. ಬಿಲ್ಲಿನಲ್ಲಿ ಪರ್ಚೇಸ್ ಆರ್ಡರ್ ನಂಬರ್ ತಪ್ಪಿತ್ತು, ಇಲ್ಲವೇ ಸರಕು ತಲುಪಿದ್ದಕ್ಕೆ ಅವರ ಸ್ಟೋರ್ಸಿನವರು ಸಹಿ ಹಾಕಿದ ಚಲನ್ ಜೊತೆಗಿರಲಿಲ್ಲ. ಅವು ಸ್ಟೋರ್ಸಿನ ಟ್ರೇಯಲ್ಲೇ ಕೊಳೆಯುತ್ತಿದ್ದವು. ಆಕೆ ಮಾಡಿದ್ದು ಇಷ್ಟೆ: ಆರ್ಡರ್ ನಂಬರ್ ತಾಳೆ ನೋಡದೆ ಬಿಲ್ ಹೊರಗೆ ಹೋಗದಂತೆ, ಸಹಿಯಾದ ಚಲನ್ ಇಲ್ಲದೆ ಡ್ರೈವರ್ ವಾಪಸ್ ಬರದಂತೆ ನೋಡಿಕೊಂಡರು. ಪ್ರತಿ ತಿಂಗಳ 1ಕ್ಕೆ ಗ್ರಾಹಕರಿಗೆ ಬಾಕಿ ಪಟ್ಟಿ ಕಳಿಸಿದರು. ಒಂದೂವರೆ ವರ್ಷದಲ್ಲಿ ಬಾಕಿ 1 ಕೋಟಿ 45 ಲಕ್ಷಕ್ಕೆ ಇಳಿಯಿತು. ವ್ಯಾಪಾರ ಅಷ್ಟೇ ಇತ್ತು, ಆದ್ದರಿಂದ 74 ದಿನ 58 ದಿನವಾಯಿತು.

ಇಲ್ಲಿ ಹೆಚ್ಚಿನವರು ಎಡವುತ್ತಾರೆ. "ಕಂಪನಿಗೆ 40 ಲಕ್ಷ ಉಳಿಸಿದೆ" ಎಂದು ಬರೆದುಬಿಡುತ್ತಾರೆ. ಅದು ಸರಿಯಲ್ಲ. ಆ 40 ಲಕ್ಷ ಕಂಪನಿಯದೇ ದುಡ್ಡು, ಇಂದಲ್ಲ ನಾಳೆ ಬರುತ್ತಿತ್ತು. ಉಳಿದದ್ದು ಅದರ ಮೇಲಿನ ಬಡ್ಡಿ. ಕಂಪನಿ ಬ್ಯಾಂಕಿನ ಓ.ಡಿ. ಖಾತೆಗೆ ವರ್ಷಕ್ಕೆ 11 ಪರ್ಸೆಂಟ್ ಬಡ್ಡಿ ಕಟ್ಟುತ್ತಿದ್ದರೆ 40 ಲಕ್ಷಕ್ಕೆ ವರ್ಷಕ್ಕೆ 4 ಲಕ್ಷ 40 ಸಾವಿರ. ದುಡ್ಡಿನ ವ್ಯವಹಾರ ಬಲ್ಲ ಎಂ.ಡಿ. 40 ಲಕ್ಷದ ಮಾತು ಕೇಳಿದ ಕೂಡಲೇ ಇಡೀ ಹಾಳೆಯನ್ನೇ ಅನುಮಾನಿಸುತ್ತಾರೆ. 4 ಲಕ್ಷ 40 ಸಾವಿರದ ಲೆಕ್ಕವನ್ನು ಅವರೇ ಕ್ಯಾಲ್ಕುಲೇಟರ್ ತೆಗೆದು ಒತ್ತಿ ನೋಡಿ ಒಪ್ಪುತ್ತಾರೆ.

ಇನ್ನೊಂದು ಕಳೆಯುವ ಲೆಕ್ಕವೂ ಇದೆ. ಒಬ್ಬ ದೊಡ್ಡ ಗ್ರಾಹಕ ಕಂಪನಿ ಆ ವರ್ಷ ತಾನಾಗಿಯೇ ಪಾವತಿಯ ಅವಧಿಯನ್ನು 90 ದಿನದಿಂದ 60ಕ್ಕೆ ಇಳಿಸಿತ್ತು. ಬಾಕಿಯಲ್ಲಿ 12 ಲಕ್ಷ ಕಡಿಮೆಯಾದದ್ದು ಅದರಿಂದ. ಅದರಲ್ಲಿ ಆಕೆಯ ಪಾತ್ರವಿಲ್ಲ. ಅದನ್ನು ಕಳೆದರೆ ಉಳಿಯುವುದು 28 ಲಕ್ಷ, ಬಡ್ಡಿ ವರ್ಷಕ್ಕೆ 3 ಲಕ್ಷ 8 ಸಾವಿರ. ಅಂಕಿ ಸಣ್ಣದಾಯಿತು, ನಿಜ. ಆದರೆ "ಆ ಗ್ರಾಹಕರು ಅವಧಿ ಇಳಿಸಿದ್ದರಿಂದ ಬಂದದ್ದನ್ನು ಬಿಟ್ಟು" ಎಂಬ ಒಂದು ಸಾಲು ಹಾಳೆಯಲ್ಲಿದ್ದರೆ ಮ್ಯಾನೇಜರ್ ಎತ್ತಬಹುದಾದ ಮೊದಲ ಆಕ್ಷೇಪಣೆ ಅಲ್ಲೇ ಮುಗಿಯುತ್ತದೆ. ಉಳಿದ ಅಂಕಿಗಳ ಮೇಲೆ ನಂಬಿಕೆ ಬರುವುದೂ ಆ ಒಂದು ಸಾಲಿನಿಂದಲೇ.

ಎರಡನೆಯ ಪುರಾವೆ ಜಿಎಸ್‌ಟಿಯದು. ನಮಗೆ ಸರಕು ಮಾರಿದವರು ತಮ್ಮ ರಿಟರ್ನಿನಲ್ಲಿ ಆ ಬಿಲ್ ತೋರಿಸದಿದ್ದರೆ ನಾವು ಅದರ ಮೇಲೆ ಕಟ್ಟಿದ ತೆರಿಗೆಯ ಕ್ರೆಡಿಟ್ ನಮಗೆ ಸಿಗುವುದಿಲ್ಲ. ತಡವಾಗಿ ತೋರಿಸಿದರೆ ತಡವಾಗಿ ಸಿಗುತ್ತದೆ. ಆದರೆ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30ರ ಗಡುವು ದಾಟಿದರೆ ಆ ದುಡ್ಡು ಹೋಯಿತೆಂದೇ ಲೆಕ್ಕ. ಹಿಂದಿನ ವರ್ಷ ಹೀಗೆ ಕೈಬಿಟ್ಟ ಕ್ರೆಡಿಟ್ 1 ಲಕ್ಷ 60 ಸಾವಿರ. ಈ ವರ್ಷ 50 ಸಾವಿರ. ವ್ಯತ್ಯಾಸ 1 ಲಕ್ಷ 10 ಸಾವಿರ. ಇದು ಬಡ್ಡಿಯ ಲೆಕ್ಕವಲ್ಲ, ಪೂರ್ತಿ ಅಸಲು. ಎರಡೂ ಸೇರಿ ವರ್ಷಕ್ಕೆ 4 ಲಕ್ಷದ ಮೇಲೆ. ಆಕೆ ಕೇಳುತ್ತಿರುವ ಹೆಚ್ಚಳ ವರ್ಷಕ್ಕೆ 1 ಲಕ್ಷ 20 ಸಾವಿರ.

ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆಯಬೇಕು. ಮೇಲೆ, ಸೇರಿದಾಗ ಇದ್ದ ಕೆಲಸ ಮತ್ತು ಈಗಿರುವ ಕೆಲಸ. ನಡುವೆ ಎರಡು ಪುರಾವೆ, ಪ್ರತಿಯೊಂದಕ್ಕೂ ಹಿಂದಿನ ಅಂಕಿ, ಈಗಿನ ಅಂಕಿ, ಅಂಕಿ ಎಲ್ಲಿಂದ ಬಂತು ಎಂಬ ಮಾಹಿತಿ. ಕೆಳಗೆ, ಕೇಳುತ್ತಿರುವ ಸಂಬಳ. ಎರಡನೇ ಹಾಳೆ ಬೇಡ. ಮ್ಯಾನೇಜರ್ ಅದನ್ನು ಎಂ.ಡಿ. ಮುಂದೆ ಇಟ್ಟಾಗ ವಿವರಿಸಲು ನೀವು ಅಲ್ಲಿರುವುದಿಲ್ಲ, ಹಾಳೆ ತಾನೇ ಮಾತಾಡಬೇಕು.

ಒಂದು ಎಚ್ಚರಿಕೆ. ಪುರಾವೆ ಕೂಡಿಸುವ ಭರದಲ್ಲಿ ಗ್ರಾಹಕರ ಪಟ್ಟಿಯನ್ನೋ ಕಂಪನಿಯ ಲೆಕ್ಕದ ಫೈಲನ್ನೋ ಸ್ವಂತ ಇಮೇಲ್‌ಗೆ ಕಳಿಸಿಕೊಳ್ಳಬೇಡಿ. ಗೋಪ್ಯತೆಯ ಷರತ್ತು ಮುರಿದರೆಂದು ಕೆಲಸವೇ ಹೋಗಬಹುದು. ಮೊತ್ತದ ಅಂಕಿಗಳನ್ನು ಮಾತ್ರ ತಿಂಗಳ ಕೊನೆಗೆ ಬರೆದಿಟ್ಟುಕೊಂಡರೆ ಸಾಕು. ಹೊಸ ಹೊಣೆ ಕೈಗೆ ಬಂದ ದಿನವೇ ಆಗಿನ ಸ್ಥಿತಿಯನ್ನು ಬರೆದಿಡುವುದು ಇದರಲ್ಲಿ ಬಹಳ ಮುಖ್ಯ. ಮೊದಲಿನ ಅಂಕಿ ಇಲ್ಲದಿದ್ದರೆ ಈಗಿನದು ಎಷ್ಟೇ ಚೆನ್ನಾಗಿದ್ದರೂ ಅದನ್ನು ಅಳೆಯುವ ದಾರಿಯಿಲ್ಲ.

ದುಡ್ಡಿನಲ್ಲಿ ಅಳೆಯಲಾಗದ ಕೆಲಸಗಳೂ ಇವೆ. ಆಸ್ಪತ್ರೆಯ ರಿಸೆಪ್ಷನಿಸ್ಟ್, ಖಾಸಗಿ ಶಾಲೆಯ ಶಿಕ್ಷಕಿ, ಗೋದಾಮಿನ ಮೇಲ್ವಿಚಾರಕ. ಅಲ್ಲಿ ಸಮಯ, ತಪ್ಪುಗಳ ಸಂಖ್ಯೆ ಮತ್ತು ಕೆಲಸದ ಪ್ರಮಾಣ ಪುರಾವೆಯಾಗುತ್ತವೆ. ಡಿಸ್ಚಾರ್ಜ್ ಆಗುವ ರೋಗಿ ಬಿಲ್ಲಿಗಾಗಿ ಮೊದಲು ಎಷ್ಟು ಹೊತ್ತು ಕಾಯುತ್ತಿದ್ದರು, ಈಗ ಎಷ್ಟು ಎನ್ನುವುದು ಗಟ್ಟಿ ಪುರಾವೆ. ಎಲ್ಲಕ್ಕಿಂತ ಸುಲಭದ್ದು, ಯಾರೋ ಬಿಟ್ಟುಹೋದ ಹುದ್ದೆಯನ್ನು ತುಂಬದೆ ಆ ಕೆಲಸವನ್ನು ನಿಮಗೆ ಕೊಟ್ಟಿದ್ದರೆ ಅದು. ಉಳಿದ ಸಂಬಳ ಎಷ್ಟೆಂದು ಕಂಪನಿಗೇ ಗೊತ್ತಿರುತ್ತದೆ.

ಯಾವ ತಿಂಗಳು, ಯಾವ ವಾರ

ಏಪ್ರಿಲ್‌ನಿಂದ ಸಂಬಳ ಏರಬೇಕೆಂದರೆ ಮಾತು ಡಿಸೆಂಬರ್ ಕೊನೆ ಅಥವಾ ಜನವರಿಯಲ್ಲಿ ಆಗಬೇಕು. ಇದಕ್ಕೆ ಬಜೆಟ್ ಮುಚ್ಚಿಹೋಗುತ್ತದೆ ಎನ್ನುವುದಷ್ಟೇ ಕಾರಣವಲ್ಲ. ಬಹುತೇಕ ಕಂಪನಿಗಳಲ್ಲಿ ಒಂದು ವಿಭಾಗಕ್ಕೆ ವಾರ್ಷಿಕ ಇಂಕ್ರಿಮೆಂಟಿಗೆಂದು ಇಂತಿಷ್ಟು ಪರ್ಸೆಂಟ್ ಎಂದು ನಿಗದಿಯಾಗುತ್ತದೆ. ಎಂಟು ಪರ್ಸೆಂಟ್ ಬಂದಿದ್ದರೆ ಮ್ಯಾನೇಜರ್ ಅದನ್ನೇ ಎಲ್ಲರಿಗೂ ಹಂಚಬೇಕು. ಒಬ್ಬರಿಗೆ ಹದಿನೈದು ಕೊಟ್ಟರೆ ಇನ್ನೊಬ್ಬರಿಗೆ ಒಂದೋ ಎರಡೋ ಉಳಿಯುತ್ತದೆ. 38,000ದಿಂದ 48,000ಕ್ಕೆ ಹೋಗುವುದೆಂದರೆ 26 ಪರ್ಸೆಂಟ್. ಇದು ಆ ಹಂಚಿಕೆಯಲ್ಲಿ ಹಿಡಿಸುವುದೇ ಇಲ್ಲ.

ಇದಕ್ಕೆ ಬೇರೆ ಬಾಗಿಲು ಇದೆ. ಬಡ್ತಿ ಅಥವಾ ಹುದ್ದೆ ಬದಲಾವಣೆ, ಮತ್ತು ಕಂಪನಿಗಳು 'ಕರೆಕ್ಷನ್' ಎಂದು ಕರೆಯುವ ಸಂಬಳ ಸರಿಪಡಿಕೆ. ಇವೆರಡನ್ನೂ ಸಾಮಾನ್ಯವಾಗಿ ವಾರ್ಷಿಕ ಇಂಕ್ರಿಮೆಂಟಿನ ಹೊರಗೆ ಇಟ್ಟು, ಹೆಸರು ಹೆಸರು ಹಿಡಿದು ಪರಿಶೀಲಿಸುತ್ತಾರೆ. ಆ ಪಟ್ಟಿಗೆ ಹೆಸರು ಸೇರುವುದು ಬಜೆಟ್ ಹೊತ್ತಿನಲ್ಲಿ. ಆದ್ದರಿಂದ ಜನವರಿಯಲ್ಲಿ ಆಕೆ "ಇಂಕ್ರಿಮೆಂಟ್ ಜಾಸ್ತಿ ಕೊಡಿ" ಎನ್ನಬಾರದು. "ನನ್ನ ಹುದ್ದೆ ಮತ್ತು ಸಂಬಳವನ್ನು ಈಗ ಮಾಡುತ್ತಿರುವ ಕೆಲಸಕ್ಕೆ ಸರಿಹೊಂದಿಸಿ" ಎನ್ನಬೇಕು.

ತಿಂಗಳೊಳಗಿನ ದಿನವನ್ನೂ ನೋಡಬೇಕು. ಅಕೌಂಟ್ಸ್ ವಿಭಾಗದಲ್ಲಿ ಟಿಡಿಎಸ್ ಕಟ್ಟಲು 7, ಜಿಎಸ್‌ಟಿಯ ಮಾರಾಟದ ರಿಟರ್ನಿಗೆ 11, ತೆರಿಗೆ ಕಟ್ಟುವ ರಿಟರ್ನಿಗೆ 20. ಈ ದಿನಗಳ ನಡುವೆ ಮ್ಯಾನೇಜರ್ ಕಿವಿಗೆ ಬೇರೆ ಮಾತು ಬೀಳುವುದಿಲ್ಲ. 20 ದಾಟಿದ ಮೇಲಿನ ವಾರ ಒಳ್ಳೆಯದು. ಪ್ರತಿ ಕೆಲಸಕ್ಕೂ ಇಂಥದ್ದೊಂದು ಪಂಚಾಂಗ ಇದ್ದೇ ಇರುತ್ತದೆ: ಶಾಲೆಗೆ ಪರೀಕ್ಷೆ, ಬಟ್ಟೆ ಅಂಗಡಿಗೆ ಹಬ್ಬ, ಸಾಫ್ಟ್‌ವೇರಿನವರಿಗೆ ರಿಲೀಸ್.

ಮಾಲೀಕರೇ ಎಲ್ಲ ನಿರ್ಧರಿಸುವ ಸಣ್ಣ ಕಂಪನಿಯಲ್ಲಿ ಬಜೆಟ್ ಎಂಬುದು ಕಾಗದದಲ್ಲಿ ಇಲ್ಲದೆಯೂ ಇರಬಹುದು. ಅಲ್ಲಿ ನಿಮ್ಮ ಕೆಲಸದ ಫಲ ಮಾಲೀಕರ ಕಣ್ಣಿಗೆ ಬಿದ್ದ ಹೊತ್ತೇ ಸರಿಯಾದ ಹೊತ್ತು. ನಮ್ಮ ಉದಾಹರಣೆಯಲ್ಲಿ ಅದು ಓ.ಡಿ. ನವೀಕರಣ. ಸಾಲದ ಮಿತಿ ಲೆಕ್ಕ ಹಾಕುವಾಗ ಬ್ಯಾಂಕುಗಳು ಸಾಮಾನ್ಯವಾಗಿ 90 ದಿನ ದಾಟಿದ ಬಾಕಿಯನ್ನು ಪರಿಗಣಿಸುವುದಿಲ್ಲ. ಹಳೆಯ ಬಾಕಿ ಕರಗಿದ್ದರಿಂದ ಈ ಸಲ ಬ್ಯಾಂಕಿನವರು ತಕರಾರಿಲ್ಲದೆ ಮಿತಿ ನವೀಕರಿಸಿದರು. ಆಮೇಲಿನ ವಾರ ಆ ಹಾಳೆ ಮಾಲೀಕರ ಮುಂದೆ ಹೋದರೆ ಯಾವ ಸಾಲನ್ನೂ ವಿವರಿಸಬೇಕಾಗಿಲ್ಲ. ದೊಡ್ಡ ಆರ್ಡರ್ ಕೈತಪ್ಪಿದ ವಾರದಲ್ಲಿ, ಸಂಬಳವೇ ತಡವಾಗಿ ಆಗುತ್ತಿರುವ ತಿಂಗಳಲ್ಲಿ ಅದೇ ಹಾಳೆಗೆ ಬೆಲೆಯಿಲ್ಲ.

ಮಾತಿನ ಹೊತ್ತು

ಮೊದಲು ಸಮಯ ಕೇಳಬೇಕು. ಕಾರಿಡಾರಿನಲ್ಲಿ, ಕಾಫಿ ಕುಡಿಯುವಾಗ ಈ ಮಾತು ಎತ್ತಬಾರದು. "ಸಾರ್, ನನ್ನ ಹುದ್ದೆ, ಸಂಬಳದ ಬಗ್ಗೆ ಒಂದು ಇಪ್ಪತ್ತು ನಿಮಿಷ ಮಾತಾಡ್ಬೇಕಿತ್ತು. ಈ ವಾರ ಯಾವಾಗ ಆಗುತ್ತೆ?" ಎಂದರೆ ಮ್ಯಾನೇಜರ್ ಕೂಡ ಮನಸ್ಸು ಸಿದ್ಧಮಾಡಿಕೊಂಡು ಬರುತ್ತಾರೆ. ಆಮೇಲಿನ ಮಾತುಕತೆ ಸುಮಾರಾಗಿ ಹೀಗೆ ಸಾಗುತ್ತದೆ.

"ಏಪ್ರಿಲ್‌ನಿಂದ ನನ್ನ ಗ್ರಾಸ್ ಸಂಬಳ 48 ಸಾವಿರ ಆಗ್ಬೇಕು ಅಂತ ಕೇಳೋಕೆ ಬಂದೆ ಸಾರ್. ಕಾರಣ ಈ ಹಾಳೆಯಲ್ಲಿದೆ, ಒಂದ್ಸಲ ನೋಡಿ."

ಇಷ್ಟು ಹೇಳಿ ಸುಮ್ಮನಿರಬೇಕು. ಅವರು ಓದುತ್ತಿರುವಾಗ ಮಾತು ತುಂಬಿಸಲು ಹೋಗಿ "ಅಷ್ಟಾಗದಿದ್ರೆ ಸ್ವಲ್ಪ ಕಡಿಮೆ ಆದ್ರೂ ಪರವಾಗಿಲ್ಲ" ಎಂದುಬಿಡುವವರೇ ಹೆಚ್ಚು.

"ಅಲ್ಲಮ್ಮ, ಇಪ್ಪತ್ತಾರು ಪರ್ಸೆಂಟ್ ಆಯ್ತಲ್ಲ ಇದು! ಯಾರಿಗೂ ಎಂಟರ ಮೇಲೆ ಕೊಡ್ತಿಲ್ಲ."

"ವರ್ಷದ ಇಂಕ್ರಿಮೆಂಟ್ ಅಂತ ನೋಡಿದ್ರೆ ಜಾಸ್ತಿನೇ ಸಾರ್. ಆದ್ರೆ ನಾನು ಸೇರಿದ್ದು ಬಿಲ್ ಎಂಟ್ರಿಗೆ. ಈಗ ವಸೂಲಿ, ಜಿಎಸ್‌ಟಿ ಎರಡೂ ನಾನೇ ನೋಡ್ತಿದ್ದೀನಿ. ಇದಕ್ಕೆ ಹೊರಗಿಂದ ಒಬ್ಬರನ್ನ ತಗೊಂಡ್ರೆ ಎಷ್ಟು ಕೊಡ್ಬೇಕಾಗುತ್ತೋ ಅಷ್ಟನ್ನೇ ಕೇಳ್ತಿರೋದು."

ಈ ಕೊನೆಯ ಮಾತು ಆಡಬೇಕಾದರೆ ಹೊರಗಿನ ಬೆಲೆ ನಿಜವಾಗಿ ಗೊತ್ತಿರಬೇಕು. ಉದ್ಯೋಗ ಜಾಹೀರಾತುಗಳು ಅಂದಾಜು ಕೊಡುತ್ತವೆ. ಇತ್ತೀಚೆಗೆ ಕೆಲಸ ಬದಲಿಸಿದ ಗೆಳೆಯರು ಇನ್ನೂ ಖಚಿತ ಅಂಕಿ ಕೊಡುತ್ತಾರೆ. ಒಂದೆರಡು ಕಡೆ ಇಂಟರ್ವ್ಯೂ ಕೊಟ್ಟು ಬಂದರೆ ಅನುಮಾನವೇ ಉಳಿಯುವುದಿಲ್ಲ. ಇನ್ನು ಹೆಣ್ಣುಮಕ್ಕಳಿಗೆ ಈ ಹಂತದಲ್ಲಿ ಬರುವ ಒಂದು ಪ್ರಶ್ನೆ ಗಂಡಸರಿಗೆ ಬರುವುದಿಲ್ಲ.

"ಮನೇಲಿ ಯಜಮಾನ್ರೂ ದುಡೀತಾರಲ್ಲಮ್ಮ, ಏನವಸರ?"

"ಅದು ಮನೆ ವಿಷಯ ಸಾರ್. ಈ ಕೆಲಸದ ಬೆಲೆ ಎಷ್ಟು ಅನ್ನೋದನ್ನ ಮಾತಾಡೋಣ."

ದನಿ ಏರಿಸದೆ, ನಗದೆ, ಇಷ್ಟೇ ಹೇಳಿ ಹಾಳೆಯ ಕಡೆ ಕೈ ತೋರಿಸಿದರೆ ಮಾತು ಮತ್ತೆ ದಾರಿಗೆ ಬರುತ್ತದೆ.

ಕೇಳುವಾಗ 'ಗ್ರಾಸ್' ಎಂದು ಬಿಡಿಸಿ ಹೇಳಬೇಕಾದ್ದಕ್ಕೆ ಕಾರಣವಿದೆ. ಸಿಟಿಸಿಯಲ್ಲಿ 10,000 ಏರಿತು ಎಂದರೆ ಕೈಗೆ 10,000 ಬರುವುದಿಲ್ಲ. ಅದರಲ್ಲಿ ಅರ್ಧ, ಅಂದರೆ 5,000, ಬೇಸಿಕ್‌ಗೆ ಹೋಯಿತೆನ್ನಿ. ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟುವ ಕಂಪನಿಯಾದರೆ ಅದರ 12 ಪರ್ಸೆಂಟ್, 600 ರೂಪಾಯಿ, ಕಂಪನಿಯ ಪಾಲಿನ ಪಿಎಫ್ ಆಗಿ ಸಿಟಿಸಿಯೊಳಗೇ ಸೇರುತ್ತದೆ. ಗ್ರಾಚ್ಯುಟಿಯ ಲೆಕ್ಕಕ್ಕೆ 4.81 ಪರ್ಸೆಂಟ್, ಸುಮಾರು 240 ರೂಪಾಯಿ. ನಿಮ್ಮ ಪಾಲಿನ ಪಿಎಫ್ ಇನ್ನೊಂದು 600. ಕೈಗೆ ಬರುವುದು ಸುಮಾರು 8,560. ಈ ಕಡಿತ ನಷ್ಟವಲ್ಲ, ಉಳಿತಾಯವೇ. ಆದರೆ ಯಾವ ಅಂಕಿಯ ಬಗ್ಗೆ ಮಾತಾಡುತ್ತಿದ್ದೇವೆಂದು ಇಬ್ಬರಿಗೂ ಒಂದೇ ತಿಳಿವಳಿಕೆ ಇರಬೇಕು. ಹೆಚ್ಚಳವನ್ನೆಲ್ಲ 'ವೇರಿಯಬಲ್ ಪೇ' ಎಂದು ಕೊಟ್ಟರೆ ಅದು ಕಂಪನಿ ಮನಸ್ಸು ಮಾಡಿದ ವರ್ಷ ಮಾತ್ರ ಬರುವ ದುಡ್ಡು ಎಂಬುದೂ ನೆನಪಿರಲಿ.

ಇಲ್ಲ ಎಂದರೆ

ರೋಜರ್ ಫಿಶರ್ ಮತ್ತು ವಿಲಿಯಂ ಯೂರಿ 1981ರಲ್ಲಿ ಬರೆದ 'ಗೆಟಿಂಗ್ ಟು ಯೆಸ್' ಪುಸ್ತಕ ಚೌಕಾಸಿಯ ಬಗ್ಗೆ ಹೇಳಿದ ಒಂದು ವಿಚಾರ ಇಂದಿಗೂ ಎಲ್ಲ ಕಡೆ ಬಳಕೆಯಲ್ಲಿದೆ: ಮಾತುಕತೆ ಮುರಿದರೆ ನಿಮಗಿರುವ ಅತ್ಯುತ್ತಮ ಪರ್ಯಾಯ ಯಾವುದು ಎಂದು ಮೊದಲೇ ಗುರುತಿಸಿಕೊಳ್ಳಿ, ನಿಮ್ಮ ಬಲ ಇರುವುದು ಅದರಲ್ಲಿ. ಸಂಬಳದ ಮಾತಿಗೆ ಇದು ಚೆನ್ನಾಗಿ ಹೊಂದುತ್ತದೆ. ಕೋಣೆಯೊಳಗೆ ಹೋಗುವ ಮೊದಲೇ ಮೂರು ವಿಷಯ ಬರೆದಿಟ್ಟುಕೊಳ್ಳಬೇಕು: ಕೇಳುವ ಅಂಕಿ, ಒಪ್ಪಬಹುದಾದ ಕನಿಷ್ಠ ಅಂಕಿ, ಅದೂ ಸಿಗದಿದ್ದರೆ ಇಡುವ ಮುಂದಿನ ಹೆಜ್ಜೆ. ನಮ್ಮ ಉದಾಹರಣೆಯಲ್ಲಿ 48,000, 44,000, ಆಮೇಲಿನದು ಹೊರಗೆ ಕೆಲಸ ಹುಡುಕುವುದು.

ಇಲ್ಲ ಎನ್ನುವ ಉತ್ತರ ಎಲ್ಲ ಸಲವೂ ಒಂದೇ ಆಗಿರುವುದಿಲ್ಲ. ಅದನ್ನು ಬಿಡಿಸಲು ಒಂದು ಪ್ರಶ್ನೆ ಸಾಕು: "ಇದು ಆಗ್ಬೇಕಾದ್ರೆ ಏನು ಬೇಕು ಸಾರ್, ಯಾವಾಗ ಆಗ್ಬಹುದು?" ದುಡ್ಡಿಲ್ಲ ಎನ್ನುವುದು ನಿಜವಾಗಿದ್ದರೆ ಅವರು ಒಂದು ತಿಂಗಳನ್ನು ಹೆಸರಿಸುತ್ತಾರೆ, ಅಕ್ಟೋಬರ್‌ನಲ್ಲಿ ನೋಡೋಣ ಎಂದೋ ಆ ಆರ್ಡರ್ ಬಂದ ಮೇಲೆ ಎಂದೋ. ಅಧಿಕಾರ ಅವರಿಗಿಲ್ಲದಿದ್ದರೆ ಯಾರ ಬಳಿ ಮಾತಾಡಬೇಕೆಂದು ಹೇಳುತ್ತಾರೆ. ನಿಮ್ಮ ಕೆಲಸದ ಬಗ್ಗೆಯೇ ಅಸಮಾಧಾನವಿದ್ದರೆ ಏನು ಸರಿಯಿಲ್ಲ ಎಂಬುದು ಆಗ ಹೊರಬರುತ್ತದೆ, ಅದನ್ನು ವಾದಿಸದೆ ಬರೆದುಕೊಳ್ಳಬೇಕು. ಇವ್ಯಾವುದೂ ಬಾರದೆ "ನೋಡೋಣ, ನೀನು ನಮ್ಮ ಮನೆಯವಳ ಥರ" ಎಂದಷ್ಟೇ ಬಂದರೆ, ಅಲ್ಲಿ ಸದ್ಯಕ್ಕೆ ಏನೂ ಆಗುವುದಿಲ್ಲ ಎಂದು ತಿಳಿಯಬೇಕು.

ದಿನಾಂಕ ಕೊಟ್ಟರೆ ಅವತ್ತೇ ಒಂದು ಸಣ್ಣ ಮೇಲ್ ಹಾಕಬೇಕು: ಇಂದು ಮಾತಾಡಿದಂತೆ ಅಕ್ಟೋಬರ್‌ನಲ್ಲಿ ಸಂಬಳ ಪರಿಷ್ಕರಣೆಯನ್ನು ಮತ್ತೆ ನೋಡುತ್ತೀರಿ, ಅಷ್ಟರೊಳಗೆ ಬಾಕಿ 55 ದಿನಕ್ಕೆ ಇಳಿಯಬೇಕು ಎಂದು ಹೇಳಿದ್ದೀರಿ, ಧನ್ಯವಾದ. ನಡುವೆ ಮ್ಯಾನೇಜರ್ ಬದಲಾದರೆ ಈ ಮೇಲ್ ಒಂದೇ ಸಾಕ್ಷಿ.

ದುಡ್ಡಿನ ಬದಲು ಬೇರೆ ಏನಾದರೂ ಕೊಡುತ್ತೇವೆ ಎಂದರೆ ಮುಂದಿನ ಸಂಬಳವನ್ನು ಏರಿಸುವಂಥದ್ದನ್ನು ಮೊದಲು ಆರಿಸಿಕೊಳ್ಳಿ. 'ಸೀನಿಯರ್ ಎಕ್ಸಿಕ್ಯುಟಿವ್' ಎಂಬ ಹುದ್ದೆಯ ಹೆಸರಿಗೆ ಈಗ ಒಂದು ರೂಪಾಯಿಯೂ ಬರದಿರಬಹುದು, ಆದರೆ ಹೊರಗೆ ಅರ್ಜಿ ಹಾಕಿದಾಗ ಅದು ಎಣಿಕೆಗೆ ಬರುತ್ತದೆ. ವೃತ್ತಿಪರ ಕೋರ್ಸಿನ ಶುಲ್ಕ ಕಂಪನಿ ಕಟ್ಟಿದರೆ ಅದೂ ಹಾಗೆಯೇ, ಕೋರ್ಸ್ ಮುಗಿದ ಮೇಲೆ ಇಷ್ಟು ವರ್ಷ ಇಲ್ಲೇ ಇರಬೇಕೆಂಬ ಬಾಂಡ್ ಇದೆಯೇ ಎಂದು ನೋಡಿ ಸಹಿ ಹಾಕಿ. ಒಂದೇ ಸಲದ ಬೋನಸ್ ಸಂತೋಷ ಕೊಡುತ್ತದೆ, ಆದರೆ ಬೇಸಿಕ್ ಏರದ್ದರಿಂದ ಮುಂದಿನ ವರ್ಷದ ಇಂಕ್ರಿಮೆಂಟ್ ಮತ್ತೆ ಹಳೆಯ ಅಂಕಿಯ ಮೇಲೆಯೇ.

ಹೊರಗಿನ ಆಫರನ್ನು ಬೆದರಿಕೆಯಾಗಿ ಬಳಸುವುದು ಅಪಾಯದ ಆಟ. "ಬೇರೆ ಕಡೆ ಸಿಕ್ಕಿದೆ" ಎಂದ ಮೇಲೆ "ಹೋಗಿ ಬಾಮ್ಮ, ಒಳ್ಳೇದಾಗ್ಲಿ" ಎಂಬ ಉತ್ತರ ಬಂದರೆ ಹೋಗಲು ಸಿದ್ಧರಿರಬೇಕು. ಆಫರ್ ತೋರಿಸಿದ ಮೇಲೆ ಹಳೆಯ ಕಂಪನಿ ಸಂಬಳ ಏರಿಸಿ ಉಳಿಸಿಕೊಂಡರೂ, ಹೋಗಲು ಹೊರಟಿದ್ದವರು ಎಂಬ ಹೆಸರು ಉಳಿಯುತ್ತದೆ. ಬೇಡದ ಕೆಲಸ, ಸರಿಯಿಲ್ಲದ ಮೇಲಧಿಕಾರಿ ಇದ್ದರೆ ಆ ಹೆಚ್ಚಳದಿಂದ ಅವು ಬದಲಾಗುವುದೂ ಇಲ್ಲ. ಹೋಗುವುದೇ ಆದರೆ ಆಫರ್ ಲೆಟರ್ ಬರಹದಲ್ಲಿ ಕೈಗೆ ಬರುವವರೆಗೆ ರಾಜೀನಾಮೆ ಬೇಡ. ನೋಟಿಸ್ ಅವಧಿ ಒಂದು ತಿಂಗಳೋ ಮೂರು ತಿಂಗಳೋ ಎಂದು ನೇಮಕಾತಿ ಪತ್ರ ತೆಗೆದು ನೋಡಿ.

ಐದು ವರ್ಷದ ಸೇವೆ ತುಂಬುವ ಹೊತ್ತು ಹತ್ತಿರವಿದ್ದರೆ ಗ್ರಾಚ್ಯುಟಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಾಯಂ ನೌಕರರಿಗೆ ಅದರ ಹಕ್ಕು ಬರುವುದು ಆ ಹೊತ್ತಿಗೆ. ತಿಂಗಳಿಗೆ 26 ದಿನವೆಂದು ಹಿಡಿದು, ಪ್ರತಿ ವರ್ಷಕ್ಕೆ 15 ದಿನದ ವೇತನ. 19,000 ಬೇಸಿಕ್ ಇರುವವರಿಗೆ ಐದು ವರ್ಷಕ್ಕೆ ಸುಮಾರು 54,800 ರೂಪಾಯಿ. ನಮ್ಮ ಉದಾಹರಣೆಯಲ್ಲಿ ನಾಲ್ಕು ವರ್ಷ ಮುಗಿದಿದೆ. ಅಕ್ಟೋಬರ್‌ನ ಮಾತು ಉಳಿಯದಿದ್ದರೂ ಆಕೆ ಸಿಟ್ಟಿನಲ್ಲಿ ಆ ವಾರವೇ ಬಿಡುವ ಬದಲು ಈ ಲೆಕ್ಕ ನೋಡಿಕೊಂಡು, ಹುಡುಕಾಟ ಶುರುಮಾಡಿ, ಐದು ತುಂಬಿಸಿ ಹೊರಡುವುದು ಜಾಣತನ.

ಆಗಲೂ ಆ ಒಂದು ಹಾಳೆ ವ್ಯರ್ಥವಲ್ಲ. ಗ್ರಾಹಕರ ಹೆಸರು, ಕಂಪನಿಯ ಮೊತ್ತಗಳನ್ನು ತೆಗೆದು "ಬಾಕಿಯನ್ನು 74 ದಿನದಿಂದ 58ಕ್ಕೆ ಇಳಿಸಿದೆ" ಎಂದು ಬರೆದರೆ ಅದೇ ರೆಸ್ಯೂಮಿನ ಮೊದಲ ಸಾಲು. ಇಂಟರ್ವ್ಯೂನಲ್ಲಿ ಹೇಗೆ ಇಳಿಸಿದಿರಿ ಎಂದು ಕೇಳುತ್ತಾರೆ, ಹೇಳಲು ಆಕೆಯ ಬಳಿ ಪರ್ಚೇಸ್ ಆರ್ಡರ್ ನಂಬರಿನ, ಸಹಿಯಾದ ಚಲನ್ನಿನ ಕಥೆ ಇದೆ.

ಆದ್ದರಿಂದ ಏಪ್ರಿಲ್‌ಗೆ ಕಾಯಬೇಡಿ. ಈ ತಿಂಗಳ ಕೊನೆಯ ಸಂಜೆ ನಿಮ್ಮ ಕೆಲಸದ ಒಂದು ಅಂಕಿಯನ್ನು ದಿನಾಂಕ ಹಾಕಿ ಬರೆದಿಡಿ, ಮುಂದಿನ ತಿಂಗಳು ಅದರ ಪಕ್ಕದಲ್ಲಿ ಇನ್ನೊಂದನ್ನು ಬರೆಯಿರಿ. ಸಂಬಳ ಕೊಡುವುದು ಬಿಡುವುದು ಕಂಪನಿಯ ಕೈಯಲ್ಲಿದೆ. ಕೇಳುವಾಗ ಕೈಯಲ್ಲಿ ಲೆಕ್ಕ ಇರುವಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.